ಗೋಡೆ ಮುಚ್ಚುವ ಮೊದಲು ಪ್ರೆಷರ್ ಗೇಜ್ ಮುಳ್ಳನ್ನು ಓದುವುದು ಹೇಗೆ?

ಗೋಡೆಯಲ್ಲಿ ನೀರಿನ ಪೈಪ್ ಎಳೆದಾಗಿದೆ, ನಾಳೆ ಗಾರೆಯವರು ಬರುತ್ತಾರೆ. ಪ್ಲಂಬರ್ ಟ್ಯಾಂಕಿನ ವಾಲ್ವ್ ತಿರುಗಿಸಿ "ನೋಡಿ, ಎಲ್ಲೂ ಸೋರ್ತಿಲ್ಲ" ಅನ್ನುತ್ತಾರೆ. ಇದು ಒತ್ತಡದ ಟೆಸ್ಟ್ ಅಲ್ಲ. ನೀರು 10 ಮೀಟರ್ ಎತ್ತರದಲ್ಲಿದ್ದರೂ ಕೆಳಗೆ ಸಿಗುವ ಒತ್ತಡ ಸುಮಾರು 1 ಬಾರ್ ಅಷ್ಟೇ. ಅರ್ಧಂಬರ್ಧ ಅಂಟಿದ ಜಾಯಿಂಟ್ ಅಷ್ಟನ್ನು ಆರಾಮಾಗಿ ತಡೆದುಕೊಂಡು ಕೂರುತ್ತದೆ, ಟೈಲ್ಸ್ ಹಾಕಿ ಪ್ರೆಷರ್ ಪಂಪ್ ಓಡಿಸಿದ ಮೇಲೆ ಕೈಕೊಡುತ್ತದೆ.

ಹಾಗಾದ್ರೆ ಎಷ್ಟು ಒತ್ತಡ ಹಾಕಬೇಕು? ದಿನನಿತ್ಯ ಲೈನಿನಲ್ಲಿ ಇರುವ ಒತ್ತಡದ ಒಂದೂವರೆ ಪಟ್ಟಾದರೂ ಬೇಕು ಅನ್ನುವುದು ರೂಢಿ. ಟ್ಯಾಂಕ್ ಎತ್ತರದಿಂದ 1 ಬಾರ್, ಪ್ರೆಷರ್ ಪಂಪಿನಿಂದ 2 ಬಾರ್ ಅಂತಿಟ್ಟುಕೊಂಡರೆ ಒಟ್ಟು 3, ಟೆಸ್ಟಿಗೆ ನಾಲ್ಕೂವರೆ. ಪೈಪ್ ಕಂಪನಿಯವರು ಇದಕ್ಕಿಂತ ಜಾಸ್ತಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ನಾನು 6 ಬಾರ್ ಹಾಕಿಸಿದ್ದೆ. ಲೈನಿನಲ್ಲಿರುವ ಯಾವ ವಾಲ್ವ್, ಯಾವ ಮಿಕ್ಸರ್ ಎಷ್ಟು ತಡೆಯುತ್ತದೆ ಅಂತ ಮೊದಲು ನೋಡಿಕೊಳ್ಳಿ, ಅತಿ ಕಡಿಮೆ ತಡೆಯುವುದೇ ನಿಮ್ಮ ಮಿತಿ. ಗೀಸರನ್ನಂತೂ ಲೈನಿಗೆ ಸೇರಿಸಲೇಬೇಡಿ.

ಅಂಟಿಸುವ ಪೈಪ್ ಆದರೆ ಕೊನೆಯ ಜಾಯಿಂಟ್ ಆಗಿ ಒಂದು ದಿನ ಬಿಡುವುದು ಒಳ್ಳೆಯದು. ಅಂಟು ಹಸಿಯಾಗಿದ್ದಾಗ ಒತ್ತಡ ಕೊಟ್ಟರೆ ಸರಿಯಿದ್ದ ಜಾಯಿಂಟೂ ಕೆಡುತ್ತದೆ. ಆಮೇಲೆ ನಲ್ಲಿ ಬರುವ ಬಾಯಿಗಳಿಗೆಲ್ಲ ಟೆಫ್ಲಾನ್ ಟೇಪ್ ಸುತ್ತಿ ಎಂಡ್ ಪ್ಲಗ್ ಹಾಕಿ. ಗೀಸರ್ ಕೂರುವ ಜಾಗದಲ್ಲಿ ತಣ್ಣೀರು, ಬಿಸಿನೀರಿನ ಎರಡು ಬಾಯಿಗಳಿಗೆ ಒಂದು ಹೋಸ್ ಸೇರಿಸಿದರೆ ಎರಡೂ ಲೈನ್ ಒಂದೇ ಸಲಕ್ಕೆ ಟೆಸ್ಟ್ ಆಗುತ್ತವೆ. ಆ ಹೋಸ್ ಕೂಡ ಟೆಸ್ಟಿನ ಒತ್ತಡ ತಡೆಯುವಂಥದ್ದೇ ಇರಬೇಕು. ಗೋಡೆಯೊಳಗಿನ ವಾಲ್ವ್‌ಗಳು ತೆರೆದಿರಲಿ. ಮುಚ್ಚಿದ ವಾಲ್ವಿನ ಆಚೆ ಇರುವ ಪೈಪ್ ಟೆಸ್ಟೇ ಆಗುವುದಿಲ್ಲ, ಅದು ಯಾರಿಗೂ ಗೊತ್ತೂ ಆಗುವುದಿಲ್ಲ.

ಲೈನಿಗೆ ಒತ್ತಡ ಕೊಡುವ ಟೆಸ್ಟ್ ಕೈಪಂಪನ್ನು ಕೆಳಗಿನ ಒಂದು ಬಾಯಿಗೆ ಜೋಡಿಸಿ. ಪಂಪಿಗೂ ಲೈನಿಗೂ ನಡುವೆ ಒಂದು ಬಾಲ್ ವಾಲ್ವ್, ಗೇಜ್ ಆ ವಾಲ್ವಿನಿಂದ ಲೈನಿನ ಕಡೆಗೆ. ಈ ಕ್ರಮ ಮುಖ್ಯ. ಒತ್ತಡ ಏರಿದ ಮೇಲೆ ವಾಲ್ವ್ ಮುಚ್ಚಿಬಿಟ್ಟರೆ ಪಂಪ್ ಒಳಗೊಳಗೇ ಬಿಡುತ್ತಿದ್ದರೂ ಮುಳ್ಳಿಗೆ ಅದು ತಟ್ಟುವುದಿಲ್ಲ. ಗೇಜ್ 10 ಬಾರಿನದು ಸಾಕು. 40 ಬಾರಿನ ಗೇಜಿನಲ್ಲಿ ಕಾಲು ಬಾರ್ ಇಳಿದದ್ದು ಕಣ್ಣಿಗೇ ಕಾಣುವುದಿಲ್ಲ.

ಈಗ ಗಾಳಿ ತೆಗೆಯುವ ಕೆಲಸ. ಎಲ್ಲರೂ ಹಾರಿಸಿಬಿಡುವುದು ಇದನ್ನೇ. ನಿಧಾನವಾಗಿ ನೀರು ತುಂಬಿಸುತ್ತಾ ಎಲ್ಲಕ್ಕಿಂತ ಮೇಲಿನ ಬಾಯಿಯ ಪ್ಲಗ್ ಸಡಿಲಿಸಿಡಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಉಗುಳುತ್ತಾ ನೀರು, ಕೊನೆಗೆ ಒಂದೇ ಸಮನೆ ನೀರು ಬಂದಾಗ ಬಿಗಿ ಮಾಡಿ. ಗಾಳಿ ಉಳಿದರೆ ಏನಾಗುತ್ತದೆ? ಲೆಕ್ಕ ಹಾಕೋಣ. ಮುಕ್ಕಾಲು ಇಂಚಿನ ಪೈಪ್ 20 ಮೀಟರ್ ಇದ್ದರೆ ಒಳಗೆ ಹಿಡಿಯುವ ನೀರು ಸುಮಾರು 5 ಲೀಟರ್. ಅದರಲ್ಲಿ ಅರ್ಧ ಲೀಟರ್ ಗಾಳಿ ಉಳಿಯಿತು ಅನ್ನಿ. 6 ಬಾರ್ ಒತ್ತಡಕ್ಕೆ ಅದು ಕುಗ್ಗಿ 70 ಮಿಲಿಲೀಟರ್ ಆಸುಪಾಸು ಆಗಿ ಸ್ಪ್ರಿಂಗ್ ಥರ ಕೂತಿರುತ್ತದೆ. 1 ಮಿಲಿಲೀಟರ್ ನೀರು ಸೋರಿದರೆ ಆ ಸ್ಪ್ರಿಂಗ್ ಸ್ವಲ್ಪ ಹಿಗ್ಗಿ ಜಾಗ ತುಂಬಿಬಿಡುತ್ತದೆ, ಮುಳ್ಳು 0.1 ಬಾರ್ ಕೂಡ ಇಳಿಯುವುದಿಲ್ಲ. ಗಾಳಿ ಇಲ್ಲದ ಲೈನಿನಲ್ಲಿ ಅದೇ ಒಂದು ಮಿಲಿಲೀಟರಿಗೆ ಮುಳ್ಳು ಇದರ ಹಲವು ಪಟ್ಟು ಬೀಳುತ್ತದೆ, ಯಾಕಂದ್ರೆ ನೀರು ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಗಾಳಿ ಸೋರಿಕೆಯನ್ನು ಬಚ್ಚಿಡುತ್ತದೆ. ಎಷ್ಟು ಹಿಡಿ ಒತ್ತಿದರೂ ಮುಳ್ಳು ಸೋಮಾರಿಯ ಹಾಗೆ ಏರುತ್ತಿದ್ದರೆ ಒಳಗೆ ಗಾಳಿ ಇದೆ ಅಂತಲೇ ಲೆಕ್ಕ. (ನೀರಿನ ಬದಲು ಗಾಳಿಯನ್ನೇ ತುಂಬಿಸಿ ಟೆಸ್ಟ್ ಮಾಡೋಣ ಅನ್ನುವವರಿದ್ದಾರೆ. ಪ್ಲಾಸ್ಟಿಕ್ ಪೈಪಿಗೆ ಬೇಡವೇ ಬೇಡ, ಒಡೆದರೆ ಚೂರು ಗುಂಡಿನ ಹಾಗೆ ಹಾರುತ್ತದೆ.)

ಮೊದಲು 1 ಬಾರ್ ಒತ್ತಡಕ್ಕೆ ನಿಲ್ಲಿಸಿ ಒಂದು ಸುತ್ತು ನೋಡಿ. ಅಳತೆಗೆ ಅಂತ ಸುಮ್ನೆ ಸಿಕ್ಕಿಸಿ ಅಂಟು ಹಚ್ಚಲು ಮರೆತ ಜಾಯಿಂಟ್ ಇದ್ದರೆ ಇಲ್ಲೇ ಸಿಗಬಹುದು, 6 ಬಾರಿನಲ್ಲಿ ಅದು ಕಳಚಿ ಮುಖಕ್ಕೆ ಬರುವುದಕ್ಕಿಂತ ಇದು ವಾಸಿ. ಆಮೇಲೆ 6ಕ್ಕೆ ಏರಿಸಿ, ವಾಲ್ವ್ ಮುಚ್ಚಿ, ಗಡಿಯಾರ ನೋಡಿ ಬರೆದಿಡಿ.

ಮುಳ್ಳು ಇಳಿಯುತ್ತದೆ. ಗಾಬರಿ ಬೇಡ. ಪ್ಲಾಸ್ಟಿಕ್ ಪೈಪ್ ಒತ್ತಡಕ್ಕೆ ನಿಧಾನವಾಗಿ ಹಿಗ್ಗುತ್ತದೆ, ಅದಕ್ಕೇ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಹಿಗ್ಗುವಿಕೆಯೋ ಸೋರಿಕೆಯೋ ಅಂತ ಗೊತ್ತಾಗುವುದು ಮತ್ತೆ 6ಕ್ಕೆ ಏರಿಸಿ ನೋಡಿದಾಗ. ಹತ್ತು ನಿಮಿಷಕ್ಕೆ 5.5, ಮತ್ತೆ ಏರಿಸಿದ ಮೇಲೆ ಹತ್ತು ನಿಮಿಷಕ್ಕೆ 5.8, ಇನ್ನೊಮ್ಮೆ ಏರಿಸಿದರೆ 5.9, ಹೀಗೆ ಇಳಿತ ಪ್ರತಿ ಸಲವೂ ಕಡಿಮೆಯಾಗುತ್ತಾ ಬಂದರೆ ಪೈಪ್ ಹಿಗ್ಗಿ ಮುಗಿಯುತ್ತಿದೆ ಅಂತ. ಆಗ ಒಂದೆರಡು ಗಂಟೆ ಹಾಗೇ ಬಿಟ್ಟು ನೋಡಿ, ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಪ್ರತಿ ಸಲವೂ ಒಂದೇ ಅಳತೆಯಲ್ಲಿ ಬಿದ್ದರೆ ನೀರು ಎಲ್ಲಿಗೋ ಹೋಗುತ್ತಿದೆ. ಪೈಪಿನ ಮೇಲೆ ಬಿಸಿಲು ಬೀಳುವ ಹೊತ್ತಲ್ಲಿ ಮಾತ್ರ ಈ ಲೆಕ್ಕ ಹಿಡಿಯಬೇಡಿ, ಬಿಸಿ ಏರುಪೇರಾದರೂ ಮುಳ್ಳು ಅಲುಗುತ್ತದೆ.

ನಮ್ಮ ಮನೆಯಲ್ಲಿ ಆಗಿದ್ದು ಇದೇ. 6ರಿಂದ 5.7, ಮತ್ತೆ ಏರಿಸಿದರೆ 5.7, ಮೂರನೇ ಸಲವೂ 5.7. ಪ್ಲಂಬರ್ "ಪೈಪ್ ಹಿಗ್ಗುತ್ತೆ ಸಾರ್" ಅಂದರು. ಹಿಗ್ಗುವುದು ನಿಜ, ಆದರೆ ಹಿಗ್ಗುವುದಕ್ಕೂ ಒಂದು ಕೊನೆ ಇರಬೇಕಲ್ವಾ? ಮೊದಲು ಪ್ಲಗ್‌ಗಳನ್ನು ನೋಡಿದೆವು, ತಾತ್ಕಾಲಿಕವಾಗಿ ಹಾಕಿದ್ದೇ ಸೋರುವುದು ಜಾಸ್ತಿ. ಒಂದು ಪ್ಲಗ್ ಒದ್ದೆ ಇತ್ತು, ಟೇಪ್ ಹೊಸದಾಗಿ ಸುತ್ತಿದೆವು. ಆದರೂ ಇಳಿತ ನಿಲ್ಲಲಿಲ್ಲ. ಆಮೇಲೆ ಪ್ರತಿ ಜಾಯಿಂಟನ್ನೂ ಬಟ್ಟೆಯಿಂದ ಒರೆಸಿ ಟಿಶ್ಯೂ ಪೇಪರ್ ಒಂದು ಸುತ್ತು ಸುತ್ತಿ ಅರ್ಧ ಗಂಟೆ ಬಿಟ್ಟೆವು. ಶವರಿನ ಬಿಸಿನೀರಿನ ಎಲ್ಬೋ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಪೇಪರಿನಲ್ಲಿ ಕಡಲೆಕಾಳಿನಷ್ಟು ಒದ್ದೆ ಕಲೆ. ಕೈಯಿಂದ ಮುಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಕತ್ತರಿಸಿ ತೆಗೆದಾಗ ಕಾರಣ ಕಂಡಿತು: ಪೈಪ್ ಎಲ್ಬೋ ಒಳಗೆ ಅರ್ಧಕ್ಕೇ ನಿಂತಿತ್ತು, ಅಂಟಿನ ಗುರುತೂ ಅಲ್ಲಿಯವರೆಗೆ ಮಾತ್ರ.

ಇಂಥ ಜಾಯಿಂಟಿಗೆ ಮೇಲಿನಿಂದ ಅಂಟು ಮೆತ್ತಿದರೆ ನಿಲ್ಲುವುದಿಲ್ಲ. ಒತ್ತಡ ಇಳಿಸಿ, ನೀರು ಖಾಲಿ ಮಾಡಿ, ಆ ಭಾಗ ಕತ್ತರಿಸಿ, ತುದಿಯನ್ನು ಚೆನ್ನಾಗಿ ಒಣಗಿಸಿ ಹೊಸ ಎಲ್ಬೋ, ಕಪ್ಲಿಂಗ್ ಹಾಕಬೇಕು. ಪೈಪ್ ಒದ್ದೆ ಇದ್ದರೆ ಅಂಟು ಹಿಡಿಯದು. ಮತ್ತೆ ಒಂದು ದಿನ ಕಾಯುವುದು, ಮತ್ತೆ ಗಾಳಿ ತೆಗೆಯುವುದರಿಂದ ಶುರು. ಬೇಜಾರಾಗುತ್ತದೆ, ನಿಜ.

ಟೆಸ್ಟ್ ಪಾಸಾದರೆ ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ಅಳತೆ ಟೇಪ್ ಪಕ್ಕದಲ್ಲಿ ಹಿಡಿದು ಫೋಟೋ ತೆಗೆದುಕೊಳ್ಳಿ. ಗೇಜನ್ನು ಮಾತ್ರ ಆಗಲೇ ಬಿಚ್ಚಬೇಡಿ. ಒತ್ತಡವನ್ನು ದಿನನಿತ್ಯದ ಮಟ್ಟಕ್ಕೆ, ಅಂದರೆ 3 ಬಾರ್‌ಗೆ ಇಳಿಸಿ ಗಾರೆ, ಟೈಲ್ಸ್ ಕೆಲಸ ಮುಗಿಯುವವರೆಗೂ ಹಾಗೇ ಬಿಡಿ. ಯಾರಾದರೂ ಮೊಳೆ ಹೊಡೆದೋ ಡ್ರಿಲ್ ಮಾಡಿಯೋ ಪೈಪಿಗೆ ತಾಗಿಸಿದರೆ ಮುಳ್ಳು ಆ ಕ್ಷಣವೇ ಬೀಳುತ್ತದೆ, ಹೊಡೆದವರೂ ಇನ್ನೂ ಅಲ್ಲೇ ಇರುತ್ತಾರೆ.