ಹೋಟೆಲ್ ಬಿಲ್ ಹಂಚಲು ನಾನು ಹಿಡಿಯುವ ಲೆಕ್ಕ

ನಮ್ಮ ಕಚೇರಿಯ ಗೆಳೆಯರು ಬೆಂಗಳೂರಿನಲ್ಲಿ ಊಟಕ್ಕೆ ಸೇರಿದಾಗಲೆಲ್ಲ ಬಿಲ್ ನನ್ನ ಕೈಗೆ ಬರುತ್ತದೆ. ನಾನು ಕಾರ್ಡಿನಿಂದ ಕಟ್ಟಿ, ಯಾರ ಪಾಲು ಎಷ್ಟೆಂದು ವಾಟ್ಸ್‌ಆಪ್‌ನಲ್ಲಿ ಹಾಕುತ್ತೇನೆ. ಸಮನಾಗಿ ಹಂಚಿಬಿಡೋಣ ಎಂದು ಯಾರಾದರೂ ಹೇಳಿದರೂ ಒಪ್ಪುವುದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಹೆಚ್ಚು ತಿಂದವರು. ಕಡಿಮೆ ತಿಂದವರು ಸಂಕೋಚಕ್ಕೆ ಸುಮ್ಮನಿರುತ್ತಾರೆ.

ಇತ್ತೀಚಿನ ಒಂದು ಬಿಲ್ ನೋಡಿ. ನಾವು ನಾಲ್ವರಿದ್ದೆವು. ನಾನು 280 ರೂಪಾಯಿಯ ಖಿಚಡಿ ತಿಂದೆ. ಒಬ್ಬ ಗೆಳತಿ 640ರ ಸಿಗಡಿ ಘೀ ರೋಸ್ಟ್ ಮತ್ತು 160ರ ನೀರುದೋಸೆ ತರಿಸಿಕೊಂಡಳು. ಇನ್ನೊಬ್ಬ 380ರ ಬಿರಿಯಾನಿಯ ಜೊತೆ ಎರಡು ಬಿಯರ್ ಕುಡಿದ. ನಾಲ್ಕನೆಯವಳು 180ರ ಊಟ ಮಾಡಿದಳು. ನಡುವೆ 360ರ ಪನೀರ್ ಟಿಕ್ಕಾ ಬಂತು. ಸಿಗಡಿ ತಿಂದವಳು ಅದನ್ನು ಮುಟ್ಟಲಿಲ್ಲ, ಹಾಗಾಗಿ ಉಳಿದ ಮೂವರಿಗೆ ತಲಾ 120.

ಮೆನು ದರದಲ್ಲಿ ನನ್ನದು 400, ಸಿಗಡಿಯವಳದು 800, ಬಿರಿಯಾನಿಯವನದು ಬಿಯರ್ ಬಿಟ್ಟು 500, ನಾಲ್ಕನೆಯವಳದು 300, ಒಟ್ಟು 2000. ಬಿಲ್ಲಿನಲ್ಲಿ ಸೇವಾ ಶುಲ್ಕಕ್ಕೂ ತೆರಿಗೆಗೂ ಮುಂಚಿನ ಮೊತ್ತವೂ 2000 ಇತ್ತು. ಈ ಎರಡೂ ತಾಳೆಯಾಗುವ ತನಕ ನಾನು ಮುಂದಕ್ಕೆ ಹೋಗುವುದಿಲ್ಲ. ನಮ್ಮ ಮೊತ್ತ ಕಡಿಮೆ ಬಂದರೆ ಯಾರೂ ತಮ್ಮದೆಂದು ಹೇಳದ ಬಾಬತ್ತು ಉಳಿದಿದೆ ಎಂದರ್ಥ. ಬಹುಪಾಲು ಅದು ನೀರಿನ ಬಾಟಲಿ ಅಥವಾ ಮಸಾಲೆ ಹಪ್ಪಳ. ಕೆಲವೊಮ್ಮೆ ನಾವು ತರಿಸದೇ ಇದ್ದುದೇ ಬಿಲ್ಲಿಗೆ ಸೇರಿರುತ್ತದೆ, ಅದೂ ಇಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಮೇಲಿನ ಖರ್ಚು. 2000ಕ್ಕೆ ಶೇಕಡ 10 ಸೇವಾ ಶುಲ್ಕ ಸೇರಿ 2200 ಆಗಿತ್ತು. ಆ 2200ರ ಮೇಲೆ ಶೇಕಡ 5 ಜಿಎಸ್‌ಟಿ, ಅಂದರೆ 110. ಕೊಡಬೇಕಾದದ್ದು 2310. ತೆರಿಗೆ ಸೇವಾ ಶುಲ್ಕದ ಮೇಲೂ ಬಿದ್ದಿರುವುದರಿಂದ ಹತ್ತಕ್ಕೆ ಐದು ಕೂಡಿಸಿ ಹದಿನೈದು ಎಂದರೆ ಲೆಕ್ಕ ತಪ್ಪುತ್ತದೆ. ನಾನು ಶೇಕಡಾವಾರುಗಳ ಗೋಜಿಗೇ ಹೋಗದೆ, ಕೊನೆಯ ಮೊತ್ತವನ್ನು ಮೆನು ಮೊತ್ತದಿಂದ ಭಾಗಿಸುತ್ತೇನೆ:

```
2310 ÷ 2000 = 1.155
```

ಪ್ರತಿಯೊಬ್ಬರ ಮೊತ್ತವನ್ನು ಈ ಸಂಖ್ಯೆಯಿಂದ ಗುಣಿಸಿದರೆ ಮುಗಿಯಿತು. ನನ್ನದು 462, ಸಿಗಡಿಯವಳದು 924, ಬಿರಿಯಾನಿಯವನದು 577.50, ನಾಲ್ಕನೆಯವಳದು 346.50. ಕೂಡಿದರೆ ಸರಿಯಾಗಿ 2310. ಇಡೀ ಬಿಲ್ಲಿನ ಮೇಲೆ ರಿಯಾಯಿತಿ ಸಿಕ್ಕಿದ್ದರೂ ಇದೇ ಭಾಗಾಕಾರ ಸಾಕು. ಸಂಖ್ಯೆ ಕಡಿಮೆಯಾಗುತ್ತದೆ, ರಿಯಾಯಿತಿ ತಿಂದ ಪ್ರಮಾಣದಲ್ಲೇ ಹಂಚಿಕೆಯಾಗುತ್ತದೆ.

ಮೇಲಿನ 310 ರೂಪಾಯಿಯನ್ನು ತಲೆಗೆ 77.50ರಂತೆ ಹಂಚಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದ್ದರೆ 180ರ ಊಟ ಮಾಡಿದವಳು 31 ರೂಪಾಯಿ ಹೆಚ್ಚು ಕೊಡಬೇಕಿತ್ತು, ಸಿಗಡಿಯವಳಿಗೆ 46.50 ಉಳಿಯುತ್ತಿತ್ತು. ಬಡಿಸಿದವರು ಎಲ್ಲರಿಗೂ ಸಮನಾಗಿಯೇ ಓಡಾಡಿದರು ಎಂಬ ವಾದವೂ ಉಂಟು. ಆದರೆ ಹೋಟೆಲಿನವರು ಶುಲ್ಕ ಹಾಕಿದ್ದು ತಟ್ಟೆಗಳನ್ನು ಎಣಿಸಿ ಅಲ್ಲ, ಬೆಲೆ ನೋಡಿ. ಬೆಲೆಯಿಂದ ಹುಟ್ಟಿದ ಖರ್ಚು ಬೆಲೆಯ ಹಿಂದೆಯೇ ಹೋಗಬೇಕು.

ಬಿಯರನ್ನು ಈ ಲೆಕ್ಕದೊಳಗೆ ನಾನು ಸೇರಿಸುವುದೇ ಇಲ್ಲ. ಮದ್ಯ ಜಿಎಸ್‌ಟಿಗೆ ಒಳಪಡುವುದಿಲ್ಲ, ಅದರ ತೆರಿಗೆ ರಾಜ್ಯದ್ದು, ದರವೂ ಬೇರೆ. ಅಂದು ಅದಕ್ಕೆ ಪ್ರತ್ಯೇಕ ಬಿಲ್ ಬಂದಿತ್ತು, ಎಲ್ಲ ಸೇರಿ 928. ಕುಡಿದವನು ಒಬ್ಬನೇ ಆದ್ದರಿಂದ ಅದು ಪೂರ್ತಿ ಅವನ ಪಾಲಿಗೆ ಹೋಗಿ, ಅವನದು 1505.50 ಆಯಿತು. ಕುಡಿದವರು ಹಲವರಿದ್ದರೆ ಆ ಬಿಲ್ಲಿಗೆ ಬೇರೆಯೇ ಭಾಗಾಕಾರ ಮಾಡುತ್ತೇನೆ. ಒಂದೇ ಬಿಲ್ಲಿನಲ್ಲಿ ಎರಡೂ ಇದ್ದರೆ ಊಟಕ್ಕೊಂದು, ಮದ್ಯಕ್ಕೊಂದು ಎಂದು ಬರೆದುಕೊಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಎರಡು ಬಿಲ್ಲನ್ನೂ ಕೂಡಿಸಿ ನಾಲ್ಕು ಭಾಗ ಮಾಡಿದ್ದರೆ ತಲೆಗೆ 809.50 ಬರುತ್ತಿತ್ತು. 180ರ ಊಟ ಮಾಡಿ ಮಜ್ಜಿಗೆ ಕುಡಿದೆದ್ದವಳು ಇನ್ನೊಬ್ಬರ ಬಿಯರಿಗೂ ಸಿಗಡಿಗೂ ಸೇರಿ 463 ರೂಪಾಯಿ ತೆತ್ತಂತಾಗುತ್ತಿತ್ತು. ಇದನ್ನು ನಾನು ಸಣ್ಣ ವಿಷಯ ಎನ್ನಲಾರೆ.

ಭಾಗಿಸುವ ಮುನ್ನ ಸೇವಾ ಶುಲ್ಕ ಕೊಡುತ್ತೇವೆಯೇ ಎಂಬುದು ತೀರ್ಮಾನವಾಗಿರಬೇಕು. ಅದು ಸರ್ಕಾರದ ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಹಾಕುವವರು ಹಾಕುತ್ತಾರೆ. ಬೇಡವೆಂದರೆ ಹೊಸ ಬಿಲ್ ಕೊಡಬೇಕು. ಶುಲ್ಕ ಮಾತ್ರ ತೆಗೆದು ಹಳೆಯ ತೆರಿಗೆಯನ್ನೇ ಉಳಿಸಿದ್ದಾರೆಯೇ ಎಂಬುದು ಭಾಗಾಕಾರದಲ್ಲೇ ಗೊತ್ತಾಗುತ್ತದೆ: ಶೇಕಡ 5ರ ಹೋಟೆಲಿನಲ್ಲಿ ಉತ್ತರ 1.05 ಬರಬೇಕು. ನಮ್ಮ ಬಿಲ್ಲಿನಲ್ಲಿ 110 ಹಾಗೇ ಉಳಿದಿದ್ದರೆ 1.055 ಬರುತ್ತಿತ್ತು. ಅಂದು ನಾವು ಚರ್ಚಿಸಿ ಶುಲ್ಕ ಕೊಡುವುದೆಂದೇ ಒಪ್ಪಿದೆವು.

ಪೈಸೆಗಳನ್ನು ಹತ್ತಿರದ ರೂಪಾಯಿಗೆ ತಂದು, ವ್ಯತ್ಯಾಸವನ್ನು ನನ್ನ ಪಾಲಿಗೆ ಹಾಕಿಕೊಳ್ಳುತ್ತೇನೆ. ಮೊತ್ತದ ಜೊತೆ ಬಿಲ್ಲಿನ ಫೋಟೊವನ್ನೂ 1.155 ಎಂಬ ಸಂಖ್ಯೆಯನ್ನೂ ಗುಂಪಿಗೆ ಕಳಿಸುತ್ತೇನೆ, ಯಾರು ಬೇಕಾದರೂ ಗುಣಿಸಿ ನೋಡಬಹುದು.