ಸಂಕ್ರಾಂತಿ ಎಳ್ಳು-ಬೆಲ್ಲ: ಎಷ್ಟು ತರಿಸಬೇಕು, ಯಾವಾಗ?

ತುಮಕೂರಲ್ಲಿ ದಿನಸಿ ಅಂಗಡಿ ಇಟ್ಟಿರುವವರಿಗೆ ಒಂದು ಮಾತು. ಹೋದ ವರ್ಷ 40 ಕೆಜಿ ಎಳ್ಳು-ಬೆಲ್ಲ ಮಾರಿದೆ. ಆದರೆ ಅದು ಹಬ್ಬಕ್ಕೆ ಎರಡು ದಿನ ಮುಂಚೆಯೇ ಖಾಲಿಯಾಗಿತ್ತು. ಆಗ ದಿನಕ್ಕೆ 8 ಕೆಜಿ ಹೋಗ್ತಿತ್ತು. ಅಂದ್ರೆ ನಿಜವಾದ ಬೇಡಿಕೆ 40 ಅಲ್ಲ, ಕಡಿಮೆ ಅಂದ್ರೂ 56, ಅಲ್ವಾ?

ಈ ಸಲ 35 ಕೆಜಿಗೆ ಬೇಕಾದ ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲವನ್ನು ಮೂರು ವಾರ ಮುಂಚೆ ತರಿಸುತ್ತೇನೆ. ಉಳಿದದ್ದನ್ನು ಜನವರಿ 8ಕ್ಕೆ, ವ್ಯಾಪಾರ ನೋಡಿಕೊಂಡು. ಎಲ್ಲವನ್ನೂ ಒಟ್ಟಿಗೆ ಬೆರೆಸಿಡಬೇಡಿ. ಬೆಲ್ಲ ನೀರೊಡೆದು ಹುರಿಗಡಲೆ ಮೆತ್ತಗಾಗುತ್ತದೆ. ಎರಡು ದಿನಕ್ಕಾಗುವಷ್ಟೇ ಬೆರೆಸಿ. ಬಿಡಿಯಾಗಿದ್ದರೆ ಉಳಿದರೂ ಮಾಮೂಲಿ ದಿನಸಿಯಾಗಿ ಹೋಗುತ್ತದೆ.

ಸಕ್ಕರೆ ಅಚ್ಚು ಮಾತ್ರ ಹಾಗಲ್ಲ. ಹಬ್ಬದ ಮಾರನೇ ದಿನ ಯಾರೂ ಕೇಳಲ್ಲ. ವಾಪಸ್ ತಗೊಳ್ಳುವವರ ಹತ್ತಿರವೇ, ಸ್ವಲ್ಪ ಕಮ್ಮಿಯೇ ತರಿಸಿ.