ಒಂದು ಫ್ಲೋರಿಗೆ ಎಷ್ಟು ವೈಫೈ ಎಪಿ? 6 ಇದ್ದಿದ್ದು 9 ಆಗಿ ಇನ್ನೂ ಕೆಟ್ಟ ಮೇಲೆ ನಾನು ಮಾಡಿದ್ದು

ನಾನು ನೋಡ್ಕೊಳ್ತಾ ಇದ್ದ ಫ್ಲೋರು ಸುಮಾರು 45 ಮೀಟರ್ ಉದ್ದ, 28 ಮೀಟರ್ ಅಗಲ. ನಡುವೆ ಲಿಫ್ಟು, ಮೆಟ್ಟಿಲು ಸೇರಿಸಿ ದಪ್ಪ ಕಾಂಕ್ರೀಟ್ ಗೋಡೆ, ಅದರ ಸುತ್ತ ಕಾರಿಡಾರ್, ಆಚೆ ಕಿಟಕಿ ತನಕ 160 ಸೀಟು. ಮೊದಲು ವೈಫೈ ಹಾಕಿದವರು ಕೇಬಲ್ ಎಳೆಯೋಕೆ ಸುಲಭ ಅಂತ ಕಾರಿಡಾರ್ ಉದ್ದಕ್ಕೂ ಸಾಲಾಗಿ 6 ಎಪಿ, ಅಂದ್ರೆ ವೈಫೈ ಸಿಗ್ನಲ್ ಬಿಡೋ ಪೆಟ್ಟಿಗೆ, ಕೂರಿಸಿದ್ರು, ಪವರ್ ಫುಲ್. ಸಿಗ್ನಲ್ ಎಲ್ಲ ಕಡೆ ಬರ್ತಾನೇ ಇತ್ತು, ಆದ್ರೆ ಬೆಳಗ್ಗೆ 11 ಗಂಟೆ ಆದ್ರೆ ಸಾಕು, "ಸಾರ್, ಕಾಲ್ ಕಟ್ ಕಟ್ ಆಗ್ತಿದೆ, ನಾನು ಮಾತಾಡೋದು ಅವರಿಗೆ ಕೇಳ್ತಾನೇ ಇಲ್ಲ" ಅಂತ ಒಬ್ಬರಾದ ಮೇಲೆ ಒಬ್ಬರು ಬರೋರು.

ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ, ಅದೇ ಕಾರಿಡಾರಲ್ಲಿ ಇನ್ನೂ 3 ಹಾಕಿಸಿದೆ. ಮಾರನೇ ವಾರ ಕಂಪ್ಲೇಂಟ್ ಜಾಸ್ತಿ ಆಯ್ತು.

ಆಗ ಸಿಗ್ನಲ್ ಬಾರ್ ನೋಡೋದು ಬಿಟ್ಟು ಗಾಳಿ ಎಷ್ಟು ಬಿಜಿ ಇದೆ ಅಂತ ನೋಡೋಕೆ ಕೂತೆ. ಲಿನಕ್ಸ್ ಲ್ಯಾಪ್‌ಟಾಪ್ ಇದ್ರೆ ಇದಕ್ಕೆ ದುಡ್ಡು ಕೊಟ್ಟು ಯಾವ ಟೂಲೂ ಬೇಕಿಲ್ಲ, ವೈಫೈ ಕಾರ್ಡಿನ ಡ್ರೈವರ್ ಈ ಲೆಕ್ಕ ಕೊಡೋ ಹಾಗಿರಬೇಕು ಅಷ್ಟೇ, wlan0 ಜಾಗಕ್ಕೆ ನಿಮ್ಮ ಕಾರ್ಡಿನ ಹೆಸರು ಹಾಕ್ಕೊಳ್ಳಿ:

```
iw dev wlan0 survey dump
```

ಇದರಲ್ಲಿ `[in use]` ಅಂತ ಇರೋ ಚಾನೆಲ್ ಕೆಳಗೆ `channel active time` ಮತ್ತು `channel busy time` ಬರುತ್ತೆ. ಒಂದು ನಿಮಿಷ ಬಿಟ್ಟು ಎರಡು ಸಲ ಓಡಿಸಿ ವ್ಯತ್ಯಾಸ ತಗೊಂಡೆ, 60 ಸೆಕೆಂಡಲ್ಲಿ 43 ಸೆಕೆಂಡ್ ಬಿಜಿ, ಅಂದ್ರೆ 70 ಪರ್ಸೆಂಟ್ ಮೇಲೆ. ನನ್ನ ಅನುಭವದಲ್ಲಿ ಇದು 50 ದಾಟಿದ್ರೆ ವಿಡಿಯೋ ಕಾಲ್ ತಡವರಿಸೋಕೆ ಶುರು ಮಾಡುತ್ತೆ, ಸಿಗ್ನಲ್ ಎಷ್ಟೇ ಚೆನ್ನಾಗಿರಲಿ.

ಕಾರಣ ಚಾನೆಲ್ ಅಗಲ. 9 ಎಪಿನೂ 80 ಮೆಗಾಹರ್ಟ್ಸಲ್ಲಿ ಓಡ್ತಿದ್ವು. ರೇಡಾರ್ ಸಿಕ್ಕಿದ್ರೆ ಚಾನೆಲ್ ಬಿಟ್ಟುಕೊಡಬೇಕಾದ ತಾಪತ್ರಯ ಇಲ್ಲದ 5 ಗಿಗಾಹರ್ಟ್ಸ್ ಚಾನೆಲಲ್ಲಿ ಅಷ್ಟು ಅಗಲದ ಜಾಗ ನಮಗೆ ಇದ್ದಿದ್ದು ಎರಡೇ, 36ರಿಂದ 48 ಒಂದು, 149ರಿಂದ 161 ಇನ್ನೊಂದು. ಅಂದ್ರೆ 9 ಎಪಿ ಎರಡೇ ಜಾಗ ಹಂಚ್ಕೊಂಡು ಕೂತಿವೆ, ಮೇಲಿಂದ ನೇರ ಕಾರಿಡಾರಲ್ಲಿ ಅಡ್ಡ ಏನೂ ಇಲ್ಲದೆ ಒಂದರ ಸದ್ದು ಇನ್ನೊಂದಕ್ಕೆ ಸ್ಪಷ್ಟವಾಗಿ ಕೇಳಿಸುತ್ತೆ. ಒಂದೇ ಚಾನೆಲಲ್ಲಿ ಒಂದು ಮಾತಾಡ್ತಿದ್ರೆ ಮಿಕ್ಕಿದ್ದೆಲ್ಲ ಸುಮ್ನೆ ಕಾಯ್ಬೇಕು. ಹಾಗಾಗಿ ನಾನು ಹಾಕಿಸಿದ 3 ಎಪಿಯಿಂದ ಹೊಸ ಜಾಗ ಏನೂ ಸಿಗಲಿಲ್ಲ, ಕಾಯೋರ ಸಾಲು ಉದ್ದ ಆಯ್ತು ಅಷ್ಟೇ.

ಆಮೇಲೆ ಲೆಕ್ಕಕ್ಕೆ ಕೂತೆ. ಚದರ ಮೀಟರ್ ಲೆಕ್ಕ ಬಿಟ್ಟು ಜನರಿಂದ ಶುರು ಮಾಡಿದೆ. ಮೂರು ದಿನ 11 ಗಂಟೆಗೆ ಫ್ಲೋರ್ ಸುತ್ತಿ ಹೆಡ್‌ಫೋನ್ ಹಾಕ್ಕೊಂಡು ವಿಡಿಯೋ ಕಾಲಲ್ಲಿ ಇರೋರನ್ನ ಎಣಿಸಿದೆ, ಹೆಚ್ಚು ಅಂದ್ರೆ 70. ಒಂದು ಕಾಲಿಗೆ ಹೋಗೋದು ಬರೋದು ಸೇರಿ 4 ಎಂಬಿಪಿಎಸ್ ಇಟ್ಕೊಂಡೆ, 280 ಆಯ್ತು. ಮಿಕ್ಕ 90 ಜನಕ್ಕೆ ತಲೆಗೆ 1ರಂತೆ 90. ಒಟ್ಟು 370.

ಈಗ ಒಂದು ಎಪಿ ಎಷ್ಟು ಹೊರುತ್ತೆ? 20 ಮೆಗಾಹರ್ಟ್ಸ್ ಚಾನೆಲಲ್ಲಿ ಎರಡು ಆಂಟೆನಾ ಇರೋ ನಮ್ಮ ಲ್ಯಾಪ್‌ಟಾಪ್ ಹೆಚ್ಚು ಅಂದ್ರೆ 173 ಎಂಬಿಪಿಎಸ್ ತೋರಿಸುತ್ತೆ, ಸೀಟಲ್ಲಿ ಕೂತು ನೋಡಿದ್ರೆ ಸಾಮಾನ್ಯವಾಗಿ 100ರಿಂದ 130. ಆ ನಂಬರಲ್ಲಿ ನಿಜವಾಗಿ ಡೇಟಾ ಹೋಗೋದು ಸುಮಾರು ಅರ್ಧ, 60 ಅನ್ಕೊಳ್ಳಿ, ಅದರಲ್ಲೂ ಮೂರನೇ ಒಂದು ಭಾಗ ಖಾಲಿ ಬಿಡಬೇಕು, ಹಾಗಾಗಿ 40. 370ನ್ನ 40ರಿಂದ ಭಾಗಿಸಿದ್ರೆ 9 ಚಿಲ್ಲರೆ, 10 ಎಪಿ. ಕಾಂಕ್ರೀಟ್ ಗೋಡೆ ಹಿಂದೆ ಒಂದು ದೊಡ್ಡ ಮೀಟಿಂಗ್ ರೂಮ್ ಇತ್ತು, ಅದಕ್ಕೆ ಬೇರೆ ಒಂದು, ಒಟ್ಟು 11.

20 ಮೆಗಾಹರ್ಟ್ಸಿಗೆ ಇಳಿದ್ರೆ ಸ್ಪೀಡ್ ಹೋಗುತ್ತಲ್ಲ ಅಂತ ಮ್ಯಾನೇಜರ್ ಕೇಳಿದ್ರು. ಒಬ್ಬನೇ ಕೂತು ಸ್ಪೀಡ್ ಟೆಸ್ಟ್ ಮಾಡಿದ್ರೆ ನಂಬರ್ ಕಮ್ಮಿ ಬರುತ್ತೆ, ನಿಜ. ಆದ್ರೆ ಜಾಗ ಎರಡರ ಬದಲು ಎಂಟಾಗುತ್ತೆ (ಇದು ದೇಶದ ನಿಯಮದ ಮೇಲೆ ಹೆಚ್ಚು ಕಮ್ಮಿ ಆಗುತ್ತೆ). 11ರಲ್ಲಿ ಮೂರು ಚಾನೆಲ್ ಮಾತ್ರ ಎರಡೆರಡು ಸಲ ಬಂದ್ವು, ಆ ಜೋಡಿಗಳನ್ನ ಲಿಫ್ಟ್ ಗೋಡೆಯ ಆ ಕಡೆ ಒಂದು ಈ ಕಡೆ ಒಂದು ಇಟ್ಟೆ. ಅಷ್ಟು ದಿನ ಶತ್ರು ಥರ ಇದ್ದ ಗೋಡೆ ಅವತ್ತು ತುಂಬಾ ಉಪಯೋಗಕ್ಕೆ ಬಂತು. 2.4 ಗಿಗಾಹರ್ಟ್ಸಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ, 1, 6, 11, ಅದಕ್ಕೆ 4 ಎಪಿಯಲ್ಲಿ ಮಾತ್ರ ಅದನ್ನ ಆನ್ ಬಿಟ್ಟು ಮಿಕ್ಕಿದ್ದರಲ್ಲಿ ಆಫ್ ಮಾಡಿದೆ.

ಜಾಗ ಹುಡುಕೋಕೆ ಒಂದು ಎಪಿನ ಉದ್ದ ಕೋಲಿಗೆ ಕಟ್ಟಿ ಸೀಲಿಂಗ್ ಎತ್ತರಕ್ಕೆ ನಿಲ್ಲಿಸಿ, ಪವರ್ 14 ಡಿಬಿಎಂಗೆ ಇಟ್ಟು, ಲ್ಯಾಪ್‌ಟಾಪ್ ಹಿಡ್ಕೊಂಡು ಸುತ್ತ ಓಡಾಡಿದೆ. ಫುಲ್ ಪವರಲ್ಲಿ ಅಳೆದು ಆಮೇಲೆ ಕಮ್ಮಿ ಮಾಡಿದ್ರೆ ಅಳತೆಗೆ ಬೆಲೆನೇ ಇಲ್ಲ, ಕೊನೆಗೆ ಎಷ್ಟರಲ್ಲಿ ಓಡಿಸ್ತೀವೋ ಅಷ್ಟರಲ್ಲೇ ಅಳೀಬೇಕು. 14 ಯಾಕೆ ಅಂದ್ರೆ ಫೋನು ವಾಪಸ್ ಕೂಗೋದು ಸಾಮಾನ್ಯವಾಗಿ ಅಷ್ಟೇ ಜೋರಲ್ಲಿ, ಎಪಿ ಮಾತ್ರ ಜೋರಾಗಿ ಕೂಗಿದ್ರೆ ಫೋನಲ್ಲಿ ಬಾರ್ ಫುಲ್ ಇರುತ್ತೆ, ಮಾತು ಮಾತ್ರ ಆ ಕಡೆ ತಲುಪಲ್ಲ. 11 ಗಂಟೆಯವರ ಕಂಪ್ಲೇಂಟಲ್ಲಿ ಇದೂ ಸೇರಿತ್ತು. ಸಿಗ್ನಲ್ ಎಲ್ಲಿ ಮೈನಸ್ 65 ಡಿಬಿಎಂಗಿಂತ ಕೆಳಗೆ ಇಳಿಯುತ್ತೋ ಪ್ಲಾನ್ ಮೇಲೆ ಅಲ್ಲಿಗೆ ಗೆರೆ ಎಳೆದೆ, ಪ್ರತಿ ಸೀಟೂ ಯಾವುದಾದ್ರೂ ಒಂದು ಗೆರೆಯೊಳಗೆ ಬರಬೇಕು. ಒಂದು ಕಡೆ ಸಾಲಾಗಿ ಕಬ್ಬಿಣದ ಬೀರು ಇತ್ತು, ಅದರ ಹಿಂದೆ ಎರಡು ಹೆಜ್ಜೆ ಹೋದ್ರೆ 15 ಡಿಬಿ ಬಿತ್ತು, ಪ್ಲಾನ್ ಡ್ರಾಯಿಂಗಲ್ಲಿ ಆ ಬೀರುಗಳೇ ಇರಲಿಲ್ಲ.

ಹಳೇ ಎಪಿ ಬಿಚ್ಚುವಾಗ ಕಂಡಿದ್ದು ಒಂದು ಹೇಳಲೇಬೇಕು. ಕಾರಿಡಾರಿನ ಈಶಾನ್ಯ ಮೂಲೆಯ ಎಪಿ ಹೊರಗಡೆ ಕಾಣಿಸ್ತಿರಲಿಲ್ಲ, ಫಾಲ್ಸ್ ಸೀಲಿಂಗ್ ಟೈಲ್ ಎತ್ತಿ ಟಾರ್ಚ್ ಬಿಟ್ಟು ನೋಡಿದ್ರೆ ಎಸಿ ಡಕ್ಟಿಗೆ ಒರಗಿ ಒಂದು ಪಕ್ಕಕ್ಕೆ ಬಿದ್ಕೊಂಡಿದೆ, ಮುಖ ತಗಡಿಗೆ, ಮೇಲೆಲ್ಲ ಧೂಳು. ಸೀಲಿಂಗ್ ಎಪಿಯ ಆಂಟೆನಾ ಮುಖ ಕೆಳಗೆ ಮಾಡಿದಾಗ ಸುತ್ತ ಹರಡೋ ಹಾಗೆ ಮಾಡಿರ್ತಾರೆ, ಅದನ್ನ ತಗಡಿಗೆ ಆನಿಸಿದ್ರೆ ಇನ್ನೇನಾಗುತ್ತೆ. ಅದನ್ನೇ ಟೈಲ್ ಕೆಳಗೆ ತಂದು ಸಮವಾಗಿ ಕೂರಿಸಿದ ಮೇಲೆ ಮೂಲೆ ಸೀಟಲ್ಲಿ ಮೈನಸ್ 74 ಇದ್ದಿದ್ದು ಮೈನಸ್ 63 ಆಯ್ತು, ಪವರ್ ಇಳಿಸಿದ ಮೇಲೂ.

ಕೊನೆಗೆ ಕಾರಿಡಾರಲ್ಲಿ ಒಂದೂ ಉಳಿಸಲಿಲ್ಲ. ಎಲ್ಲ ಸೀಟುಗಳ ನೆತ್ತಿ ಮೇಲೆ ಬಂದ್ವು, ಒಂದೇ ಗೆರೆಯಲ್ಲಿ ನಿಲ್ಲದ ಹಾಗೆ ಅಂಕುಡೊಂಕಾಗಿ. 11 ಗಂಟೆಗೆ ಬಿಜಿ ಸಮಯ ಮತ್ತೆ ಅಳೆದೆ, ಹೆಚ್ಚಿನ ಚಾನೆಲಲ್ಲಿ 30ರಿಂದ 35 ಪರ್ಸೆಂಟ್.

ಒಂದು ತಪ್ಪು ಮಾತ್ರ ಉಳಿದಿತ್ತು. ಲೆಕ್ಕ ಮಾಡಿದ್ದು ಎಲ್ಲರೂ ಅವರವರ ಸೀಟಲ್ಲಿ ಇರ್ತಾರೆ ಅಂತ, ಆದ್ರೆ ತಿಂಗಳಿಗೊಂದು ಸಲ ಆ ದೊಡ್ಡ ಮೀಟಿಂಗ್ ರೂಮಲ್ಲಿ 50 ಜನ ಲ್ಯಾಪ್‌ಟಾಪ್ ತೆಗೆದು ಕೂರ್ತಾರೆ, ಮೊದಲ ಸಲವೇ ಅಲ್ಲಿನ ಚಾನೆಲ್ 80 ಪರ್ಸೆಂಟ್ ಮುಟ್ತು. ಅದೃಷ್ಟಕ್ಕೆ ಆ ರೂಮಿಗೆ ಎರಡು ಕೇಬಲ್ ಎಳೆಸಿಟ್ಟಿದ್ದೆ, ಇನ್ನೊಂದು ತುದಿಯಲ್ಲಿ 12ನೇ ಎಪಿ ಕೂರಿಸಿ, ಬೇರೆ ಚಾನೆಲ್ ಕೊಟ್ಟು, ಎರಡರ ಪವರೂ 11ಕ್ಕೆ ಇಳಿಸಿದೆ. ಮುಂದಿನ ತಿಂಗಳ ಮೀಟಿಂಗಲ್ಲಿ ಹಿಂದಿನ ಸಾಲಲ್ಲಿ ಕೂತು ಅಳೆದೆ, ಎರಡೂ 45ರ ಒಳಗೇ ಇದ್ವು.